ಹಣ ಬಂತು, ಪಾರ್ಸೆಲ್ ಹೋಗಲಿಲ್ಲ

ಆನ್‌ಲೈನ್ ಅಂಗಡಿಯಲ್ಲಿ ನೀವು ಹಣ ಕಟ್ಟಿದ ಕೂಡಲೇ ಒಳಗಡೆ ‘ಈ ಆರ್ಡರ್‌ಗೆ ಹಣ ಬಂದಿದೆ’ ಎಂಬ ಸಂದೇಶವೊಂದು ಹುಟ್ಟಿ ಸಾಲಿನಲ್ಲಿ ನಿಲ್ಲುತ್ತದೆ. ಇನ್ನೊಂದು ಪ್ರೋಗ್ರಾಂ ಅದನ್ನು ಎತ್ತಿಕೊಂಡು ಸ್ಟಾಕಿನಲ್ಲಿ ಒಂದು ಕಳೆಯುತ್ತದೆ, ಕೊರಿಯರ್ ಬುಕ್ ಮಾಡುತ್ತದೆ, ನಿಮಗೆ ಎಸ್ಸೆಮ್ಮೆಸ್ ಕಳಿಸುತ್ತದೆ, ಕೊನೆಗೆ ಸಂದೇಶವನ್ನು ಅಳಿಸುತ್ತದೆ. ಅಳಿಸದೇ ಉಳಿದರೆ ಕೆಲಸ ಆಗಿಲ್ಲವೆಂದೇ ಲೆಕ್ಕ. ಸಂದೇಶ ಸ್ವಲ್ಪ ಹೊತ್ತಿನ ಬಳಿಕ ಮತ್ತೆ ಸಾಲಿನಲ್ಲಿ ಕಾಣಿಸುತ್ತದೆ. ಹೀಗೆ ಮೂರು ಸಲವೋ ಐದು ಸಲವೋ ಆದಮೇಲೆ ಅದನ್ನು ಪಕ್ಕದ ಸಾಲಿಗೆ ತಳ್ಳಿಬಿಡುತ್ತಾರೆ. ಅದರ ಹೆಸರು ಡೆಡ್ ಲೆಟರ್ ಕ್ಯೂ.

ಒಂದು ಬೆಳಿಗ್ಗೆ ಅಲ್ಲಿ 212 ಸಂದೇಶಗಳು ಬಿದ್ದಿವೆ ಎಂದುಕೊಳ್ಳಿ. ಅಮೆಜಾನಿನ ಎಸ್‌ಕ್ಯೂಎಸ್ ಸೇವೆಯಲ್ಲಿ ಇವನ್ನೆಲ್ಲ ಒಟ್ಟಿಗೆ ಹಳೆಯ ಸಾಲಿಗೆ ಮರಳಿಸುವ ಸೌಲಭ್ಯವಿದೆ. ಒತ್ತಿಬಿಡೋಣ ಅನಿಸುವುದು ಸಹಜ. ಆದರೆ ಒಬ್ಬರಿಗೇ ಎರಡು ಪಾರ್ಸೆಲ್ ಹೋಗುವುದು ಇಲ್ಲಿಂದಲೇ.

ಮೊದಲ ತೊಡಕೆಂದರೆ, ಸಂದೇಶ ಏಕೆ ಸೋತಿತೆಂದು ಎಸ್‌ಕ್ಯೂಎಸ್ ಬರೆದಿಡುವುದಿಲ್ಲ. ಎಷ್ಟು ಸಲ ಎತ್ತಿಕೊಳ್ಳಲಾಗಿತ್ತು (`ApproximateReceiveCount`), ಯಾವಾಗ ಹುಟ್ಟಿತು (`SentTimestamp`) ಎಂಬಂಥ ವಿವರಗಳಷ್ಟೇ ಸಿಗುತ್ತವೆ. ಕಾರಣ ಬೇಕಾದರೆ ಸಂದೇಶದ ಗುರುತಿನ ಸಂಖ್ಯೆ ಹಿಡಿದು ಪ್ರೋಗ್ರಾಮಿನ ಲಾಗಿನಲ್ಲಿ ಹುಡುಕಬೇಕು. ಅದಕ್ಕೂ ಮುಂಚೆ ಎಲ್ಲವನ್ನೂ ಒಂದು ಫೈಲಿಗೆ ನಕಲು ಮಾಡಿಕೊಳ್ಳುವುದು ಒಳ್ಳೆಯದು, ಏಕೆಂದರೆ ಇಲ್ಲಿ ಗಡಿಯಾರವೊಂದು ಓಡುತ್ತಿರುತ್ತದೆ. ಯಾರೂ ಬದಲಿಸದಿದ್ದರೆ ಸಾಲಿನಲ್ಲಿ ಸಂದೇಶದ ಆಯಸ್ಸು 4 ದಿನ, ಹೆಚ್ಚೆಂದರೆ 14. ಸಾಮಾನ್ಯ ಸಾಲುಗಳಲ್ಲಿ ಆ ಎಣಿಕೆ ಸಂದೇಶ ಮೊದಲು ಹುಟ್ಟಿದ ಹೊತ್ತಿನಿಂದ ಶುರುವಾಗುತ್ತದೆಯೇ ಹೊರತು ಪಕ್ಕದ ಸಾಲಿಗೆ ಬಂದ ಹೊತ್ತಿನಿಂದಲ್ಲ.

ನಕಲಾದ ಮೇಲೆ ವಿಂಗಡಣೆ. ಸೋಲುಗಳು ಒಂದೇ ಹೊತ್ತಿನಲ್ಲಿ ಗುಂಪುಗಟ್ಟಿವೆಯೇ, ಅಥವಾ ಸಂದೇಶಗಳ ಒಳಗಿನ ಯಾವುದೋ ಒಂದು ವಿವರ ಎಲ್ಲದರಲ್ಲೂ ಒಂದೇ ಆಗಿದೆಯೇ? ಹೊತ್ತು ಒಂದೇ ಆದರೆ ಹೊರಗಿನ ಯಾವುದೋ ಸೇವೆ ಕೈಕೊಟ್ಟಿರುತ್ತದೆ. ವಿವರ ಒಂದೇ ಆದರೆ ದೋಷ ಮಾಹಿತಿಯಲ್ಲೋ ಪ್ರೋಗ್ರಾಮಿನಲ್ಲೋ ಇರುತ್ತದೆ.

ನಮ್ಮ 212ರಲ್ಲಿ 160 ರಾತ್ರಿ 2:10ರಿಂದ 2:40ರ ನಡುವಿನವು. ಆಗ ಕೊರಿಯರ್ ಸರ್ವರ್ ಮಲಗಿತ್ತು. ಈಗ ಎದ್ದಿದೆಯಾದ್ದರಿಂದ 160ನ್ನೂ ಮರಳಿಸಬಹುದು ಅನಿಸುತ್ತದೆ. ಸೋತದ್ದಕ್ಕೆ ಕಾರಣ ಗೊತ್ತಾದ ಮಾತ್ರಕ್ಕೆ ಮರಳಿಸಲು ಆಗದು. ಸೋಲುವ ಮೊದಲು ಕೆಲಸ ಎಲ್ಲಿಯವರೆಗೆ ನಡೆದಿತ್ತು ಎಂಬುದೇ ಮುಖ್ಯ. ಕೊರಿಯರ್‌ಗೆ ಮುಂಚೆ ಸ್ಟಾಕ್ ಕಳೆದಾಗಿದೆ. ಮತ್ತೆ ಓಡಿಸಿದರೆ ಮತ್ತೆ ಕಳೆಯುತ್ತದೆಯೇ? ಕೋಡ್ ತೆಗೆದು ನೋಡಬೇಕು. ಆರ್ಡರ್ ಸಂಖ್ಯೆಯ ಮೇಲೆ ‘ಇದಕ್ಕೆ ಈಗಾಗಲೇ ಕಳೆದಿದೆ’ ಎಂದು ದಾಖಲಿಸುವ ಏರ್ಪಾಡಿದ್ದರೆ ಭಯವಿಲ್ಲ. ಇದೆ ಎಂದುಕೊಳ್ಳೋಣ.

ಆ 160ರಲ್ಲಿ 131ಕ್ಕೆ ಪ್ರತಿ ಯತ್ನದಲ್ಲೂ ಲಾಗ್ ಹೇಳುವುದು ಸಂಪರ್ಕವೇ ಸಿಗಲಿಲ್ಲ ಎಂದು. ಬುಕಿಂಗ್ ಕೋರಿಕೆ ಹೊರಗೇ ಹೋಗಿಲ್ಲ. ಇವನ್ನು ಮರಳಿಸಬಹುದು. ಉಳಿದ 29ರ ಕತೆ ಬೇರೆ: ಕೋರಿಕೆ ಹೋಯಿತು, ಉತ್ತರ ಬರಲಿಲ್ಲ. ಕೊರಿಯರ್‌ನವರು ಬುಕ್ ಮಾಡಿಕೊಂಡು ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗಿರಬಹುದು. ಮೂರು ಸಲ ಯತ್ನಿಸಿದ್ದರೆ ಮೂರು ಬುಕಿಂಗ್‌ಗಳೇ ಆಗಿರಬಹುದು. ನನ್ನ ಮಟ್ಟಿಗೆ ಅತಿ ಅಪಾಯದ ಗುಂಪು ಇದೇ, ಏಕೆಂದರೆ ಲಾಗಿನಲ್ಲಿ ಇದೂ ಮೇಲಿನ ಗುಂಪೂ ಅಣ್ಣತಮ್ಮಂದಿರಂತೆ ಕಾಣುತ್ತವೆ. ಪ್ರತಿ ಆರ್ಡರ್ ಸಂಖ್ಯೆಗೂ ಕೊರಿಯರ್ ದಾಖಲೆಯಲ್ಲಿ ಹುಡುಕಿ, ಬುಕ್ ಆಗದವನ್ನಷ್ಟೇ ಮರಳಿಸಬೇಕು.

ಇನ್ನು 40ರಲ್ಲಿ ಪಿನ್‌ಕೋಡ್ ಖಾಲಿ:

```
{"order": "A-4471", "event": "paid", "pin": ""}
```

ಇವನ್ನು ಎಷ್ಟು ಸಲ ಓಡಿಸಿದರೂ ಅಲ್ಲೇ ಬೀಳುತ್ತವೆ. ಪಿನ್‌ಕೋಡ್ ನುಂಗಿದ ಆ್ಯಪ್ ಸರಿಯಾಗಬೇಕು, ವಿಳಾಸ ತುಂಬಿ ಹೊಸ ಸಂದೇಶ ಕಳಿಸಬೇಕು. ಅಷ್ಟರಲ್ಲಿ ಯಾರಾದರೂ ಬೇಸತ್ತು ಆರ್ಡರ್ ರದ್ದು ಮಾಡಿ ಹಣ ವಾಪಸ್ ಪಡೆದಿದ್ದರೆ? ಸಂದೇಶ ಹೇಳುವುದು ಅದು ಹುಟ್ಟಿದಾಗಿನ ಸ್ಥಿತಿ. ಆರ್ಡರಿನ ಇಂದಿನ ಸ್ಥಿತಿ ನೋಡದೆ ಕಳಿಸಬಾರದು.

ಉಳಿದ 12 ಚದುರಿಹೋಗಿವೆ. ತೆರೆದು ನೋಡಿದರೆ ಎಲ್ಲವೂ ದೊಡ್ಡ ಆರ್ಡರ್‌ಗಳು. ಒಂದೊಂದರ ಕೆಲಸಕ್ಕೆ 45 ಸೆಕೆಂಡು ಹಿಡಿಯುತ್ತಿತ್ತು, ಆದರೆ ಎತ್ತಿಕೊಂಡ ಸಂದೇಶ ಇತರರ ಕಣ್ಣಿಗೆ ಬೀಳದಂತೆ ಇರುವುದು 30 ಸೆಕೆಂಡು ಮಾತ್ರ. 31ನೇ ಸೆಕೆಂಡಿಗೆ ಇನ್ನೊಂದು ಪ್ರೋಗ್ರಾಂ ಅದನ್ನೇ ಎತ್ತಿಕೊಂಡು, ಬುಕಿಂಗ್ ಆಗಲೇ ಆಗಿರುವುದನ್ನು ಕಂಡು ದೋಷವೆಂದು ಬಿಟ್ಟುಬಿಟ್ಟಿತು. ಮೊದಲನೆಯದು ಕೆಲಸ ಮುಗಿಸಿ ಅಳಿಸಲು ಹೋದಾಗ ಅದರ ಕೈಯಲ್ಲಿದ್ದ ರಸೀದಿ ಹಳೆಯದಾಗಿತ್ತು. ಹೀಗಾಗಿ ಇವು ಸೋತವೇ ಅಲ್ಲ, ಮುಗಿದ ಕೆಲಸಗಳು. ಪಾರ್ಸೆಲ್ ಹೋಗಿದೆಯೆಂದು ಖಚಿತಪಡಿಸಿಕೊಂಡು ಅಳಿಸಿದರೆ ಆಯಿತು, ಜೊತೆಗೆ ಆ 30ನ್ನು ಹೆಚ್ಚಿಸಬೇಕು.

ಎಸ್‌ಕ್ಯೂಎಸ್‌ನ ಮರಳಿಸುವ ಸೌಲಭ್ಯಕ್ಕೆ ಆರಿಸುವುದು ಗೊತ್ತಿಲ್ಲ, ಸಾಲನ್ನು ಇಡಿಯಾಗಿ ಕಳಿಸುತ್ತದೆ. ಆದ್ದರಿಂದ ಆಯ್ದವನ್ನು ಚಿಕ್ಕ ಸ್ಕ್ರಿಪ್ಟ್ ಬರೆದೇ ಕಳಿಸಬೇಕು. ಮೊದಲು ಐದು, ಅವು ಸರಿಯಾಗಿ ದಾಟಿದರೆ ಉಳಿದವು, ಅದೂ ಈಗಷ್ಟೇ ಎದ್ದ ಕೊರಿಯರ್ ಸರ್ವರ್ ಮತ್ತೆ ಕುಸಿಯದಷ್ಟು ನಿಧಾನವಾಗಿ. ಸ್ಕ್ರಿಪ್ಟ್ ಮೊದಲು ಹಳೆಯ ಸಾಲಿಗೆ ಹಾಕಿ ಆಮೇಲೆ ಇಲ್ಲಿಂದ ಅಳಿಸಬೇಕು. ನಡುವೆ ನಿಂತುಹೋದರೆ ಒಂದು ಸಂದೇಶ ಎರಡಾಗಬಹುದು, ಅದನ್ನು ಆರ್ಡರ್ ಸಂಖ್ಯೆ ಹಿಡಿದು ಪತ್ತೆಹಚ್ಚಬಹುದು. ಮೊದಲು ಅಳಿಸಿ ನಿಂತುಹೋದರೆ, ಸಾಲಿನಲ್ಲಿ ಉಳಿಯುವುದು ಏನೂ ಇಲ್ಲ.