ಒಂದು ಸ್ಟಾರ್ ರಿವ್ಯೂ ಬಂತೇ? ಸಿಟ್ಟಿನಲ್ಲಿ ಬರೆದ ಉತ್ತರವನ್ನು ಹೀಗೆ ತಿದ್ದಿ

ರಾತ್ರಿ ಅಂಗಡಿಯ ಬಾಗಿಲು ಹಾಕುವ ಹೊತ್ತಿಗೆ ಮೊಬೈಲ್‌ಗೆ ಒಂದು ಸ್ಟಾರ್ ರಿವ್ಯೂ ಬಂದರೆ ಯಾವ ಮಾಲೀಕರಿಗಾದರೂ ಸಿಟ್ಟು ಬರುತ್ತದೆ. ಅದೇ ಸಿಟ್ಟಿನಲ್ಲಿ ಬರೆದ ಉತ್ತರ ಮಾತ್ರ ಗೂಗಲ್ ಮ್ಯಾಪ್ಸ್‌ನಲ್ಲಿ ಎಲ್ಲರಿಗೂ ಕಾಣುತ್ತದೆ. ದೂರು ಕೊಟ್ಟವರಷ್ಟೇ ಅಲ್ಲ, ನಾಳೆ ಅಂಗಡಿಗೆ ಬರಬೇಕೋ ಬೇಡವೋ ಎಂದು ಯೋಚಿಸುತ್ತಿರುವವರೂ ಅದನ್ನು ಓದುತ್ತಾರೆ.

ಒಂದು ಉದಾಹರಣೆ ನೋಡೋಣ. ಮುಂಬೈನ ಮಾಟುಂಗಾದಲ್ಲಿ ಕನ್ನಡಿಗರೊಬ್ಬರ ಸಿಹಿತಿಂಡಿ ಅಂಗಡಿ ಇದೆ ಎಂದಿಟ್ಟುಕೊಳ್ಳಿ. ಗ್ರಾಹಕರೊಬ್ಬರು ಹೀಗೆ ಬರೆದಿದ್ದಾರೆ:

"ಗೃಹಪ್ರವೇಶಕ್ಕೆ 2 ಕೆ.ಜಿ. ಮೈಸೂರು ಪಾಕ್ ಒಯ್ದೆವು. ಮರುದಿನ ಕಲ್ಲಿನಂತಾಗಿತ್ತು. ನೆಂಟರ ಮುಂದೆ ಮಾನ ಹೋಯಿತು. ಫೋನ್ ಮಾಡಿದರೆ ಅಂಗಡಿ ಹುಡುಗ, ತಗೊಂಡು ಹೋದ ಮೇಲೆ ನಮಗೆ ಸಂಬಂಧವಿಲ್ಲ ಎಂದ. ಮೋಸಗಾರರು."

ಮಾಲೀಕರು ಮೊದಲು ಬರೆದ ಉತ್ತರ ಇದು:

"ನಮ್ಮ ಅಂಗಡಿಗೆ 25 ವರ್ಷವಾಯಿತು. ಇದುವರೆಗೆ ಯಾರೂ ಹೀಗೆ ಹೇಳಿಲ್ಲ. ನಾವು ಶುದ್ಧ ತುಪ್ಪವನ್ನೇ ಬಳಸುತ್ತೇವೆ. ನೀವೇ ಫ್ರಿಜ್‌ನಲ್ಲಿ ಇಟ್ಟಿರುತ್ತೀರಿ. ಆದರೂ ನಿಮಗೆ ಬೇಸರವಾಗಿದ್ದರೆ ಕ್ಷಮಿಸಿ."

ಎಡವಿದ್ದು ಎಲ್ಲಿ?

ಇದರಲ್ಲಿ ಸುಳ್ಳು ಇಲ್ಲದಿರಬಹುದು. ಆದರೆ ಗೃಹಪ್ರವೇಶದ ಮಾತಿಲ್ಲ, ಫೋನ್ ಕರೆಯ ಮಾತೂ ಇಲ್ಲ. ಗ್ರಾಹಕರಿಗೆ ನೋವಾದ ಎರಡೂ ವಿಷಯ ಬಿಟ್ಟುಹೋಗಿ, ಉತ್ತರವೆಲ್ಲ ಅಂಗಡಿಯ ಹೆಗ್ಗಳಿಕೆಯಾಗಿದೆ. "ಬೇಸರವಾಗಿದ್ದರೆ" ಎಂಬ ಪದದ ಕೊನೆಯ "ದ್ದರೆ" ಕ್ಷಮೆಯನ್ನೇ ಅನುಮಾನವಾಗಿಸಿದೆ. ಬೇಸರವಾಗಿದೆ ಎಂದು ಅವರು ಆಗಲೇ ಬರೆದಿದ್ದಾರಲ್ಲ!

ಬರೆಯುವ ಮೊದಲು ವಿಚಾರಿಸಿ

ಒಳ್ಳೆಯ ಉತ್ತರ ಶುರುವಾಗುವುದು ಅಡುಗೆಮನೆಯಲ್ಲಿ. ಆ ದಿನದ ಬಿಲ್ ತೆಗೆದು, ಸಿಹಿ ಮಾಡಿದವರನ್ನೂ ಫೋನ್ ಎತ್ತಿದ ಹುಡುಗನನ್ನೂ ಕೇಳಬೇಕು. ಸಕ್ಕರೆ ಪಾಕ ಹದ ಮೀರಿದರೆ ಮೈಸೂರು ಪಾಕ್ ಗಟ್ಟಿಯಾಗುತ್ತದೆ. ಫ್ರಿಜ್‌ನಲ್ಲಿಟ್ಟರೆ ತುಪ್ಪ ಹೆಪ್ಪುಗಟ್ಟಿಯೂ ಗಟ್ಟಿಯಾಗುತ್ತದೆ. ಇಲ್ಲಿ ಯಾವುದು ಆಯಿತೆಂದು ತಿಳಿಯಲಿಲ್ಲ. ಆದರೆ ಎರಡು ಸಂಗತಿ ಖಚಿತವಾದವು: ಹುಡುಗ ಆ ಮಾತು ಆಡಿದ್ದು ನಿಜ, ಸಿಹಿಯನ್ನು ಹೇಗೆ ಇಡಬೇಕೆಂದು ಡಬ್ಬಿಯ ಮೇಲೆ ಬರೆದಿರಲಿಲ್ಲ ಎಂಬುದೂ ನಿಜ.

ತಿದ್ದಿದ ಉತ್ತರ

"ನಮಸ್ಕಾರ. ಗೃಹಪ್ರವೇಶದಂಥ ದಿನ ನಮ್ಮ ಸಿಹಿಯಿಂದ ನೆಂಟರ ಮುಂದೆ ನಿಮಗೆ ಮುಜುಗರವಾಯಿತು. ಕ್ಷಮಿಸಿ. ಫೋನ್‌ನಲ್ಲಿ ನಿಮಗೆ ಕೊಟ್ಟ ಉತ್ತರ ತಪ್ಪು. ಆ ಹುಡುಗನ ಜೊತೆ ಮಾತಾಡಿದ್ದೇನೆ, ಇನ್ನು ಇಂಥ ಕರೆಗಳನ್ನು ನಾನೇ ತೆಗೆದುಕೊಳ್ಳುತ್ತೇನೆ. ಪಾಕ ಹದ ಮೀರಿದರೂ, ಫ್ರಿಜ್‌ನಲ್ಲಿಟ್ಟರೂ ಮೈಸೂರು ಪಾಕ್ ಗಟ್ಟಿಯಾಗುತ್ತದೆ. ನಿಮ್ಮ ಡಬ್ಬಿಯಲ್ಲಿ ಏನಾಯಿತೆಂದು ನನಗೆ ತಿಳಿದಿಲ್ಲ. ಹೇಗೆ ಇಡಬೇಕೆಂದು ನಾವು ಡಬ್ಬಿಯ ಮೇಲೆ ಬರೆದಿರಲಿಲ್ಲ, ಅದು ನಮ್ಮ ಕೊರತೆ. ಇವತ್ತಿನಿಂದ ಪ್ರತಿ ಡಬ್ಬಿಗೂ ಚೀಟಿ ಅಂಟಿಸುತ್ತಿದ್ದೇವೆ. ಬಿಲ್‌ನಲ್ಲಿರುವ ನಂಬರಿಗೆ ಕರೆ ಮಾಡಿ, ನಾನೇ ಮಾತಾಡುತ್ತೇನೆ. - ಅಂಗಡಿ ಮಾಲೀಕ"

ಫ್ರಿಜ್ ವಿಷಯ ಇಲ್ಲಿಯೂ ಇದೆ. ಮೊದಲ ಉತ್ತರದಲ್ಲಿ ಅದು "ನೀವೇ" ಎಂಬ ಆರೋಪವಾಗಿತ್ತು, ಈಗ "ನಾವು ಹೇಳಲಿಲ್ಲ" ಎಂಬ ಒಪ್ಪಿಗೆಯಾಗಿದೆ. ಓದುವ ಬೇರೆ ಗ್ರಾಹಕರಿಗೂ ಮೈಸೂರು ಪಾಕ್ ಹೇಗೆ ಇಡಬಾರದೆಂದು ಗೊತ್ತಾಯಿತು. "ಮೋಸಗಾರರು" ಎಂಬ ಮಾತಿಗೆ ಉತ್ತರವಿಲ್ಲ. ಆ ಮಾತನ್ನು ಅಲ್ಲಗಳೆಯಲು ಹೋದರೆ ಜಗಳ ಶುರುವಾಗುತ್ತದೆ. 25 ವರ್ಷದ ಮಾತೂ ಹೋಗಿದೆ, ಏಕೆಂದರೆ ಗಟ್ಟಿಯಾದ ಆ ಡಬ್ಬಿಗೆ ಅದು ಸಮಾಧಾನವಲ್ಲ.

ಈ ಎಚ್ಚರ ಇರಲಿ

ಚೀಟಿ ಅಂಟಿಸದೆ ಅಂಟಿಸಿದ್ದೇವೆ ಎಂದು ಬರೆಯಬಾರದು. ಮುಂದಿನ ಗ್ರಾಹಕರು ಡಬ್ಬಿ ನೋಡಿದ ಕೂಡಲೇ ಸುಳ್ಳು ಬಯಲಾಗುತ್ತದೆ. ಗ್ರಾಹಕರ ಫೋನ್ ನಂಬರ್, ವಿಳಾಸವನ್ನು ಉತ್ತರದಲ್ಲಿ ಹಾಕುವಂತಿಲ್ಲ. ರಿವ್ಯೂ ಅಳಿಸಿದರೆ ಹಣ ಅಥವಾ ರಿಯಾಯಿತಿ ಕೊಡುತ್ತೇವೆ ಎನ್ನುವುದು ಗೂಗಲ್ ನಿಯಮಕ್ಕೇ ವಿರುದ್ಧ. ಸಿಹಿ ಬದಲಿಸಿ ಕೊಡುವುದಾದರೆ ಯಾವ ಷರತ್ತೂ ಇಲ್ಲದೆ ಕೊಡಿ.

ಅಂಗಡಿಗೆ ಬಾರದವರು ಬರೆದ ನಕಲಿ ರಿವ್ಯೂ ಎನಿಸಿದರೆ ಗೂಗಲ್‌ಗೆ ರಿಪೋರ್ಟ್ ಮಾಡಬಹುದು. ಟೀಕೆ ಇಷ್ಟವಾಗಲಿಲ್ಲ ಎಂಬ ಕಾರಣಕ್ಕೆ ಮಾತ್ರ ಗೂಗಲ್ ಅದನ್ನು ತೆಗೆಯುವುದಿಲ್ಲ.

ಸಿಟ್ಟಿನ ಉತ್ತರ ಈಗಾಗಲೇ ಹೋಗಿಬಿಟ್ಟಿದೆಯೇ? ಚಿಂತೆ ಬೇಡ. ಗೂಗಲ್‌ನಲ್ಲಿ ಮಾಲೀಕರು ತಮ್ಮ ಉತ್ತರವನ್ನು ಮತ್ತೆ ತೆರೆದು ತಿದ್ದಬಹುದು. ತಿದ್ದುವಾಗ "ನೀವು" ಎಂದು ಬೆರಳು ತೋರಿಸಿದ ಸಾಲುಗಳನ್ನು ಮೊದಲು ಹುಡುಕಿ.