ಫೋಟೋದಲ್ಲಿ ಬಂದ ಕಾಂಡ-ಎಲೆ ಚಿತ್ರ: ಮೊದಲು ಎಲೆ ಎಣಿಸಿ

ಸಂಖ್ಯಾಶಾಸ್ತ್ರದ ಮನೆಗೆಲಸ ಈಗ ಮೊಬೈಲಿಗೆ ಫೋಟೋ ಆಗಿ ಬರುತ್ತದೆ. ಪುಟ ಸೊಟ್ಟಗಿರುತ್ತದೆ, ಒಂದು ಅಂಚು ಕತ್ತರಿಸಿಹೋಗಿರುತ್ತದೆ, ಮಧ್ಯದಲ್ಲಿ ಎಲ್ಲೋ ಟ್ಯೂಬ್‌ಲೈಟಿನ ಹೊಳಪು. 21 ವಿದ್ಯಾರ್ಥಿಗಳಿಗೆ ಮನೆಯಿಂದ ಕಾಲೇಜು ತಲುಪಲು ಎಷ್ಟು ನಿಮಿಷ ಬೇಕಾಯಿತು ಎಂಬ ಈ ಚಿತ್ರವೂ ಹಾಗೆಯೇ ಬಂದಿದೆ ಎಂದುಕೊಳ್ಳಿ. ಮಧ್ಯಾಂಕ ಮತ್ತು ಕ್ವಾರ್ಟೈಲ್‌ಗಳನ್ನು ಹೇಳಬೇಕು.

```
1 | 4 8
2 | 1 3 3 7 9
3 | 0 2 2 5 6 6 8
4 | 1 4 4 7
5 |
6 | 0 3
7 | 2

1 | 4 = 14
```

ಗೆರೆಯ ಎಡಕ್ಕಿರುವುದು ಕಾಂಡ, ಬಲಕ್ಕಿರುವ ಒಂದೊಂದು ಅಂಕಿಯೂ ಒಂದು ಎಲೆ. ಮೊದಲ ಸಾಲೆಂದರೆ 14 ಮತ್ತು 18 ನಿಮಿಷ. ಅಮೆರಿಕದ ಜಾನ್ ಟೂಕಿ 1977ರ ತಮ್ಮ ಪುಸ್ತಕದಿಂದ ಈ ಬಗೆಯ ಚಿತ್ರವನ್ನು ಜನಪ್ರಿಯಗೊಳಿಸಿದರು. ಯಾವ ಸಂಖ್ಯೆಯೂ ಕಳೆದುಹೋಗುವುದಿಲ್ಲ, ಜೊತೆಗೆ ಸಂಖ್ಯೆಗಳು ಎಲ್ಲಿ ಒತ್ತಾಗಿವೆ ಎಂಬುದೂ ಕಣ್ಣಿಗೆ ಬೀಳುತ್ತದೆ. ನಮಗೆ ಅದಕ್ಕಿಂತ ಮುಖ್ಯವಾದದ್ದು, ಎಲೆಗಳು ಆಗಲೇ ಏರಿಕೆಯ ಕ್ರಮದಲ್ಲಿವೆ. ಹಾಗಾಗಿ ಲೆಕ್ಕ ಹಾಕುವುದಕ್ಕಿಂತ ಎಣಿಸುವ ಕೆಲಸವೇ ಹೆಚ್ಚು.

ಪ್ರತಿ ಸಾಲಿನ ಎಲೆಗಳನ್ನು ಎಣಿಸಿ ಪಕ್ಕದಲ್ಲಿ ಬರೆದುಕೊಳ್ಳಿ: 2, 5, 7, 4, 0, 2, 1. ಕೂಡಿದರೆ 21. ಪ್ರಶ್ನೆಯಲ್ಲಿಯೂ 21 ಮಂದಿ ಎಂದೇ ಇದೆ. ಈ ಎರಡೂ ತಾಳೆಯಾಗುವವರೆಗೆ ಮುಂದಿನ ಹೆಜ್ಜೆ ಇಡಬೇಡಿ. 21ರ ನಡುವಿನ ಸ್ಥಾನ 11ನೆಯದು. ಮೊದಲ ಎರಡು ಸಾಲಿನಲ್ಲಿ ಏಳು ಎಲೆ ಮುಗಿದವು; ಮೂರನೆಯ ಸಾಲಿನ ನಾಲ್ಕನೆಯ ಎಲೆಯೇ ಹನ್ನೊಂದನೆಯದು. ಆ ಎಲೆ 5, ಕಾಂಡ 3. ಮಧ್ಯಾಂಕ 35 ನಿಮಿಷ. ಅವಸರದಲ್ಲಿ ಕಾಂಡವನ್ನು ಬಿಟ್ಟು ಬರೀ 5 ಎಂದು ಉತ್ತರ ಬರೆಯುವವರೂ ಇದ್ದಾರೆ.

ಕ್ವಾರ್ಟೈಲ್‌ಗೆ ಬಂದಾಗ ಒಂದು ತಕರಾರು ಎದುರಾಗುತ್ತದೆ. ಮಧ್ಯದ 35ನ್ನು ಪಕ್ಕಕ್ಕಿಟ್ಟರೆ ಕೆಳಗಿನ ಅರ್ಧದಲ್ಲಿ ಹತ್ತು ಸಂಖ್ಯೆಗಳು. ಅವುಗಳ ನಡುವೆ ಇರುವುದು ಐದನೆಯ 23 ಮತ್ತು ಆರನೆಯ 27, ಸರಾಸರಿ 25. ಟೂಕಿಯವರು ಮಾಡಿದಂತೆ 35ನ್ನು ಎರಡೂ ಅರ್ಧಕ್ಕೆ ಸೇರಿಸಿಕೊಂಡರೆ ಕೆಳಗೆ ಹನ್ನೊಂದಾಗಿ, ಆರನೆಯದಾದ 27 ಮೊದಲ ಕ್ವಾರ್ಟೈಲ್ ಆಗುತ್ತದೆ. ಎಕ್ಸೆಲ್ಲಿನಲ್ಲೂ ಇದೇ ಕಥೆ: `QUARTILE.EXC` 25 ಎನ್ನುತ್ತದೆ, `QUARTILE.INC` 27 ಎನ್ನುತ್ತದೆ. ಎರಡೂ ತಪ್ಪಲ್ಲ. ನಿಮ್ಮ ಪಠ್ಯಪುಸ್ತಕ ಯಾವ ವಿಧಾನ ಹಿಡಿದಿದೆಯೋ ಅದನ್ನೇ ಅನುಸರಿಸಬೇಕು. ಮೂರನೆಯ ಕ್ವಾರ್ಟೈಲ್ ಮಾತ್ರ ಇಲ್ಲಿ ಎರಡೂ ದಾರಿಯಲ್ಲಿ 44, ಏಕೆಂದರೆ ಆ ಜಾಗದಲ್ಲಿ ಎರಡು 44 ಅಕ್ಕಪಕ್ಕ ಕುಳಿತಿವೆ.

ಇನ್ನು ಫೋಟೋದ ಕಾಟ. ಹೊಳಪು ಮೂರನೆಯ ಸಾಲಿನ ಒಂದು 6ನ್ನು ನುಂಗಿತು ಎನ್ನಿ. ಆಗ ಎಲೆ ಇಪ್ಪತ್ತೇ. ಮಧ್ಯಾಂಕ ಹತ್ತನೆಯ 32 ಮತ್ತು ಹನ್ನೊಂದನೆಯ 35ರ ಸರಾಸರಿಯಾಗಿ 33.5ಕ್ಕೆ ಇಳಿಯುತ್ತದೆ. ಅದೇ ಫೋಟೋದಲ್ಲಿ ಖಾಲಿ ಇರುವ 5ರ ಸಾಲು ಕಾಣದೆ, 0 ಮತ್ತು 3 ಆ ಕಾಂಡದ ಎದುರಿಗಿವೆ ಎಂದು ತಪ್ಪಾಗಿ ಓದಿದಿರಿ ಎನ್ನಿ. 60 ಮತ್ತು 63 ಹೋಗಿ 50 ಮತ್ತು 53 ಬಂದವು. ಹತ್ತು ನಿಮಿಷದ ತಪ್ಪು, ಅದೂ ಇಬ್ಬರ ವಿಷಯದಲ್ಲಿ! ಆದರೂ ಮಧ್ಯಾಂಕವಾಗಲಿ ಕ್ವಾರ್ಟೈಲ್‌ಗಳಾಗಲಿ ಕದಲುವುದಿಲ್ಲ. ಸರಾಸರಿ ಕೇಳಿದ್ದರೆ ಮಾತ್ರ ಕೆಡುತ್ತಿತ್ತು. ಮಧ್ಯಾಂಕ ನೋಡುವುದು ಸ್ಥಾನವನ್ನು. ದೂರದ ಎಲೆಯ ಬೆಲೆ ಬದಲಾದರೂ ಅದು ಅದೇ ಪಕ್ಕದಲ್ಲಿ ಉಳಿದರೆ ಸಾಕು. ಒಂದು ಎಲೆಯೇ ಕಾಣೆಯಾದರೆ ಎಣಿಕೆ ಜರುಗುತ್ತದೆ.

ಅಂಕಿ ಮಸುಕಾಗಿದ್ದಾಗ ಏರಿಕೆಯ ಕ್ರಮವನ್ನು ನೆಚ್ಚಬಹುದು. ನಾಲ್ಕರ ಸಾಲಿನ ಮೊದಲ 1ನ್ನು 7 ಎಂದು ಓದಿದರೆ 7 4 4 7 ಆಗಿ, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಆದರೆ ಎರಡರ ಸಾಲಿನ ಕೊನೆಯ 9ನ್ನು 8 ಎಂದು ಓದಿದರೆ ಕ್ರಮ ಕೆಡುವುದೇ ಇಲ್ಲ, ತಪ್ಪು ತಿಳಿಯುವುದೂ ಇಲ್ಲ. ಅಲ್ಲಿ ಫೋಟೋವನ್ನು ದೊಡ್ಡದು ಮಾಡಿ ನೋಡಬೇಕಷ್ಟೇ.

ಕೆಲವು ಸಾಫ್ಟ್‌ವೇರ್‌ಗಳು ಕಾಂಡದ ಎಡಕ್ಕೆ ಇನ್ನೊಂದು ಅಂಕಣ ಮುದ್ರಿಸುತ್ತವೆ. ನಮ್ಮ ಚಿತ್ರಕ್ಕೆ ಅದು 2, 7, (7), 7, 3, 3, 1 ಎಂದಾಗುತ್ತದೆ. ಎರಡೂ ತುದಿಗಳಿಂದ ಒಳಮುಖವಾಗಿ ಕೂಡುತ್ತ ಬಂದ ಎಣಿಕೆ ಇದು. ಆವರಣದೊಳಗಿನದು ಮಧ್ಯಾಂಕ ಇರುವ ಸಾಲಿನ ಎಲೆಗಳ ಸಂಖ್ಯೆ. ಇದನ್ನೇ ಕಾಂಡ ಎಂದುಕೊಂಡರೆ ಲೆಕ್ಕವೆಲ್ಲ ಹಾಳು. ಗುರುತಿಸಿಕೊಂಡರೆ ಮಸುಕಾದ ಸಾಲಿನಲ್ಲಿ ಎಷ್ಟು ಎಲೆ ಇರಬೇಕೆಂದು ಅದೇ ಹೇಳಿಕೊಡುತ್ತದೆ.

ಫೋಟೋದ ಅಂಚಿನಲ್ಲಿ ಹೆಚ್ಚಾಗಿ ಕತ್ತರಿಸಿಹೋಗುವುದು ಕೆಳಗಿನ `1 | 4 = 14` ಎಂಬ ಸಾಲು. ಅದಿಲ್ಲದಿದ್ದರೆ ಮಧ್ಯಾಂಕ 35 ಇರಬಹುದು, 3.5 ಇರಬಹುದು, 350 ಕೂಡ ಇರಬಹುದು. ಕಾಲೇಜಿನ ದಾರಿ ಎಂದು ಗೊತ್ತಿದ್ದರೆ ಊಹಿಸಬಹುದು, ಬರೀ ಚಿತ್ರವಿದ್ದರೆ ಆಗದು. ಇಡೀ ಪುಟದ ಫೋಟೋ ಇನ್ನೊಮ್ಮೆ ಕಳಿಸಲು ಹೇಳುವುದೇ ಸರಿ.