ಛಾಯಾಚಿತ್ರದಲ್ಲಿ ಪ್ರಿಸೆಟ್ಟಿನ ಹಿತಮಿತ ಬಳಕೆ

ಗಣಕಯಂತ್ರದಲ್ಲಿ ಛಾಯಾಚಿತ್ರಗಳನ್ನು ತಿದ್ದುವವರು ಬಳಸುವ ಪ್ರಿಸೆಟ್ ಎಂಬುದು, ಮತ್ತಾರೋ ತಮ್ಮ ಚಿತ್ರಕ್ಕೆ ಒಪ್ಪುವಂತೆ ಗೊತ್ತುಪಡಿಸಿಟ್ಟ ಅಂಕಿಗಳ ಕಟ್ಟು. ಮೊಬೈಲಿನ ಫಿಲ್ಟರೂ ಬಹುಮಟ್ಟಿಗೆ ಇದೇ ಜಾತಿಯದು. ಮೋಡ ಕವಿದ ದಿನದ ಮಂಕು ದೃಶ್ಯಕ್ಕೆ ಹಿತವೆನಿಸಿದ ಅಂಕಿಗಳು ಸಂಜೆಬಿಸಿಲಿನ ದೃಶ್ಯಕ್ಕೆ ಅತಿಯಾಗುವುದು ಸಹಜವೇ.

ಹಂಪೆಯ ವಿಜಯವಿಠ್ಠಲ ದೇವಾಲಯದ ಕಲ್ಲಿನ ರಥದ ಮುಂದೆ, ಇಳಿಹೊತ್ತಿನಲ್ಲಿ, ಕೆಂಪು ಸೀರೆಯುಟ್ಟ ಮಹಿಳೆಯೊಬ್ಬರು ನಿಂತಿರುವ ಚಿತ್ರವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಅದಕ್ಕೊಂದು ಪ್ರಿಸೆಟ್ ಹಾಕಿದ್ದೇವೆ. ಅದರ ಕ್ಲಾರಿಟಿ 60, ಸ್ಯಾಚುರೇಶನ್ 40, ಶ್ಯಾಡೋಸ್ 90. ಒಡನೆಯೇ ಚಿತ್ರ ಕಣ್ಣು ಸೆಳೆಯುತ್ತದೆ. ಆದರೆ ರಥದ ಅಂಚು ಆಕಾಶವನ್ನು ಸೇರುವೆಡೆ ಬಿಳಿಯ ಪ್ರಭೆಯೊಂದು ಮೂಡಿರುತ್ತದೆ. ಕ್ಲಾರಿಟಿಯು ನಡುಛಾಯೆಗಳಲ್ಲಿ ನೆರೆಹೊರೆಯ ಬೆಳಕು-ಕತ್ತಲೆಗಳ ಅಂತರವನ್ನು ಹಿಗ್ಗಿಸುವುದರಿಂದ ಇದು ಉಂಟಾಗುವುದು. ಪ್ರಭೆಯು ಅಗಲವಾಗಿರುವ ಕಾರಣ, ಚಿತ್ರವನ್ನು ಹಿಗ್ಗಿಸಿ ನೋಡುವುದಕ್ಕಿಂತ ಅಂಗೈಯಗಲಕ್ಕೆ ಕುಗ್ಗಿಸಿ ನೋಡಿದರೆ ಬೇಗ ಗೋಚರಿಸುತ್ತದೆ. ಇನ್ನು ಸೀರೆಯಲ್ಲಿ ನೆರಿಗೆಗಳೇ ಕಾಣವು. ಕೆಂಪಿನ ಅಂಶವು ತನ್ನ ಗರಿಷ್ಠವಾದ 255ನ್ನು ಮುಟ್ಟಿ, ಬಟ್ಟೆಯೆಲ್ಲ ಬಣ್ಣದ ಒಂದೇ ತೇಪೆಯಾಗಿದೆ.

ಎಚ್‌ಡಿಆರ್ ಎಂಬುದು ಮೂಲತಃ ಬೇರೆ ಬೇರೆ ಬೆಳಕಿನ ಪ್ರಮಾಣದಲ್ಲಿ ತೆಗೆದ ಕೆಲವು ಚಿತ್ರಗಳನ್ನು ಬೆಸೆಯುವ ಸಾಧುವಾದ ಕ್ರಮ. ದೋಷವಿರುವುದು ಬೆಸುಗೆಯಲ್ಲಲ್ಲ, ಆಮೇಲೆ ನೆರಳುಗಳನ್ನೆಲ್ಲ ಬಿಸಿಲಿನ ಸಮಕ್ಕೆ ಎತ್ತುವುದರಲ್ಲಿ. ನಮ್ಮ ಚಿತ್ರದಲ್ಲಿಯೂ ಶ್ಯಾಡೋಸ್ 90ರಿಂದ ಇದೇ ಆಗಿದೆ: ಚಕ್ರಗಳ ಹಿಂದಿನ ಕತ್ತಲು ಬೂದಿಬಣ್ಣಕ್ಕೆ ತಿರುಗಿ, ಸೂರ್ಯನು ಯಾವ ದಿಕ್ಕಿನಲ್ಲಿದ್ದನೆಂಬುದೇ ತಿಳಿಯದು.

ಮೊದಲು ಪ್ರಿಸೆಟ್ಟಿನ ಒಟ್ಟು ಪ್ರಭಾವವನ್ನು ತಗ್ಗಿಸಬೇಕು. 2022ರಿಂದ ಈ ತಂತ್ರಾಂಶದಲ್ಲಿ ಅದಕ್ಕೆಂದೇ ಅಮೌಂಟ್ ಎಂಬ ಜಾರುಗುಂಡಿಯಿದೆ. ಕೆಲವು ಪ್ರಿಸೆಟ್ಟುಗಳಿಗೆ ಮಾತ್ರ ಅದು ಅನ್ವಯಿಸದು. ಅದನ್ನು 40ಕ್ಕೆ ಇಳಿಸಿದರೆ ಕ್ಲಾರಿಟಿ ಸುಮಾರು 24ಕ್ಕೂ ಶ್ಯಾಡೋಸ್ 36ಕ್ಕೂ ಬರುತ್ತವೆ. ಬಳಿಕ ಸ್ಯಾಚುರೇಶನ್ನನ್ನು ಸೊನ್ನೆಗೆ ತಂದು, ವೈಬ್ರೆನ್ಸನ್ನು 15ರಷ್ಟು ಏರಿಸುವುದು ಲೇಸು. ಮೊದಲನೆಯದು ಎಲ್ಲ ಬಣ್ಣಗಳನ್ನೂ ಒಂದೇ ಸಮನೆ ಎತ್ತಿದರೆ, ಎರಡನೆಯದು ಪೇಲವವಾದ ಬಣ್ಣಗಳನ್ನು ಹೆಚ್ಚಾಗಿಯೂ ಈಗಾಗಲೇ ಗಾಢವಾದವನ್ನು ಕಡಿಮೆಯಾಗಿಯೂ ಎತ್ತುತ್ತದೆ. ಚರ್ಮದ ಬಣ್ಣವನ್ನೂ ಕಾಯುತ್ತದೆ. ಕ್ಲಾರಿಟಿ ಇಡೀ ಚಿತ್ರಕ್ಕೆ 5 ಸಾಕು. ಕಲ್ಲಿನ ಕೆತ್ತನೆ ಎದ್ದು ಕಾಣಬೇಕೆಂದಿದ್ದರೆ ಬ್ರಷ್ ಮಾಸ್ಕಿನಿಂದ ರಥದ ಮೈಗೆ ಮಾತ್ರ ಇನ್ನೊಂದು 15 ಕೊಡಬಹುದು, ಅಂಚನ್ನು ಬಿಟ್ಟು. ಮುಖಕ್ಕೆ ಅದು ತಗುಲಿದರೆ ಮಹಿಳೆಗೆ ಹತ್ತು ವರ್ಷ ಹೆಚ್ಚು ವಯಸ್ಸಾದಂತೆ ಕಾಣುವುದು. ಆಕೆ ನಮ್ಮನ್ನು ಕ್ಷಮಿಸಲಾರರು!

J ಕೀಲಿಯನ್ನೊತ್ತಿದರೆ ವಿವರ ಕಳೆದುಹೋದ ಭಾಗಗಳು ಕೆಂಪು, ನೀಲಿ ಗುರುತುಗಳಿಂದ ಕಾಣುತ್ತವೆ. ಕೆಂಪು ಸೀರೆಯ ಮೇಲೆ ಕೆಂಪು ಗುರುತು ಕಣ್ತಪ್ಪುವುದುಂಟು. ಅಲ್ಲಿ ಹಿಸ್ಟೋಗ್ರಾಮ್ ಬಲಗೋಡೆಗೆ ಅಂಟಿಕೊಂಡಿದೆಯೇ ಎಂಬುದನ್ನು ನೋಡಬೇಕು. ಮೂಲಚಿತ್ರದೊಡನೆ ಹೋಲಿಸಲು \ ಕೀಲಿಯಿದೆಯಾದರೂ ಅದನ್ನೇ ನಂಬಲಾಗದು. ಮಂಕಾದ ಮೂಲದ ಎದುರು ಅತಿಯಾದುದೂ ಚೆನ್ನಾಗಿಯೇ ತೋರುವುದು. ಚಿತ್ರವನ್ನು ಹಾಗೆಯೇ ಬಿಟ್ಟು, ಮರುದಿನ ಬೆಳಿಗ್ಗೆ ಹೊಸಗಣ್ಣಿನಿಂದ ನೋಡಿದಾಗ ಇನ್ನೂ ಐದಾರು ಅಂಕಿ ಇಳಿಸಬೇಕೆನಿಸುವುದೇ ಹೆಚ್ಚು.